ಬೋಲ್ಟ್ ಕಳೆದಿದೆ, ಮೆಷಿನ್ ಘಟ್ಟ ಇಳಿಯಬೇಕು

"ಶಿವಮೊಗ್ಗದಿಂದ ಉಡುಪಿಗೆ ಮನೆ ಬದಲಾಯಿಸ್ತಿದೀವಿ. 7 ಕೆಜಿ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಸಣ್ಣ ಗೂಡ್ಸ್ ಗಾಡಿಯಲ್ಲಿ ಆಗುಂಬೆ ಮೇಲೆ ಹೋಗುತ್ತೆ. ನೀರು ಪೂರ್ತಿ ತೆಗೆಯೋದು ಹೇಗೆ? ಸಾಗಿಸುವಾಗ ಒಳಗಿನ ತೊಟ್ಟಿ ಅಲ್ಲಾಡದ ಹಾಗೆ ಹಿಂದೆ ಹಾಕೋ ಉದ್ದ ಬೋಲ್ಟ್‌ಗಳು ಎಲ್ಲೋ ಹೋಗಿವೆ."

ತೀರ್ಥಹಳ್ಳಿ, ರಿಪೇರಿ ಕೆಲಸದವ: ಮೊದಲು ನಲ್ಲಿ ಬಂದ್ ಮಾಡಿ, ಒಂದರ್ಧ ನಿಮಿಷ ವಾಶ್ ಹಚ್ಚಿ. ನೀರು ಬರುವ ಪೈಪಿನ ಒತ್ತಡ ಇಳಿಯುತ್ತದೆ, ಬಿಚ್ಚುವಾಗ ಮುಖಕ್ಕೆ ಚಿಮ್ಮುವುದಿಲ್ಲ. ಆಮೇಲೆ ಡ್ರೈನ್ ಅಥವಾ ಸ್ಪಿನ್ ಓಡಿಸಿ, ಪ್ಲಗ್ ಕಿತ್ತುಬಿಡಿ. ಇಷ್ಟಾದರೂ ಪಂಪಿನಲ್ಲಿ ನೀರು ಉಳಿದಿರುತ್ತದೆ. ಮುಂದೆ ಕೆಳಗಿನ ಸಣ್ಣ ಬಾಗಿಲು ತೆಗೆದು, ಚಪ್ಪಟೆ ತಟ್ಟೆ ಇಟ್ಟು ಫಿಲ್ಟರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಮ್ಮೆಲೇ ಬಿಚ್ಚಿದರೆ ನೆಲವೆಲ್ಲ ಕೆರೆ. ನೀರು ನಿಂತ ಮೇಲೆ ಮೆಷಿನ್ ಸ್ವಲ್ಪ ಮುಂದಕ್ಕೆ ವಾಲಿಸಿದರೆ ಇನ್ನೊಂದಿಷ್ಟು ಬರುತ್ತದೆ. ಹೊರಗೆ ನೀರು ಹೋಗುವ ಪೈಪನ್ನೂ ನೆಲಕ್ಕೆ ಇಳಿಸಿ ಖಾಲಿ ಮಾಡಿ.

ಸಾಗರದವರು: ಬೋಲ್ಟ್ ಯಾಕೆ, ಡ್ರಮ್ಮಿಗೆ ಕಂಬಳಿ ತುಂಬಿ ಬಾಗಿಲು ಹಾಕಿ, ಅಲ್ಲಾಡಲ್ಲ. ನಾವು ಹಾಗೇ ತಂದ್ವಿ.

ರಿಪೇರಿ ಕೆಲಸದವ: ಕಂಬಳಿ ಒಳಗಿರುವುದು ಡ್ರಮ್ಮಿನಲ್ಲಿ ಸಾರ್. ಅಲ್ಲಾಡುವುದು ಡ್ರಮ್ ಕೂತಿರುವ ತೊಟ್ಟಿ. ಅದು ಮೇಲೆ ಸ್ಪ್ರಿಂಗಿಗೆ ನೇತಾಡುತ್ತದೆ, ಅದಕ್ಕೆ ಕಾಂಕ್ರೀಟ್ ಗಟ್ಟಿ ಬೇರೆ ಕಟ್ಟಿರುತ್ತಾರೆ. ಕಂಬಳಿ ತುಂಬಿದರೆ ಭಾರ ಜಾಸ್ತಿ ಆಗುತ್ತದೆ ಅಷ್ಟೆ. ಮಾಡೆಲ್ ನಂಬರ್ ಹೇಳಿ ಸರ್ವಿಸ್ ಸೆಂಟರಿನಲ್ಲಿ ಬೋಲ್ಟ್ ಕೇಳಿ. ಬೇರೆ ಅಳತೆಯದು ತೂರಿಸಬೇಡಿ.

ಹೊಸನಗರದ ಅಕ್ಕ: ನಮ್ಮದು ಸೆಮಿ ಆಟೋಮ್ಯಾಟಿಕ್, ನೀರೇ ಹೊರಗೆ ಹೋಗ್ತಿಲ್ಲ. ಇದೇ ಫಿಲ್ಟರ್ ತೊಂದರೆನಾ?

ರಿಪೇರಿ ಕೆಲಸದವ: ಅದು ಬೇರೆ ಕಥೆ ಅಕ್ಕ. ಅದರಲ್ಲಿ ಪೈಪ್ ಕೆಳಗಿಳಿಸಿದರೆ ನೀರು ತಾನೇ ಹರಿಯಬೇಕು, ಪೈಪ್ ಮಡಚಿದೆಯಾ ನೋಡಿ.

ಕೊಪ್ಪದವನು: ನನ್ನ ತಪ್ಪು ಕೇಳಿ. ಗಾಡಿಯಲ್ಲಿ ಜಾಗ ಇಲ್ಲ ಅಂತ ಮೆಷಿನ್ ಮಲಗಿಸಿದೆ, ಫಿಲ್ಟರ್ ತೆಗೆದಿರಲಿಲ್ಲ. ಉಳಿದ ನೀರು ಬೋರ್ಡಿಗೆ ಇಳಿದಿತ್ತು. ಊರಿಗೆ ಹೋಗಿ ಪ್ಲಗ್ ಹಾಕಿದರೆ ಲೈಟೇ ಬರಲಿಲ್ಲ. ನಿಲ್ಲಿಸಿಯೇ ಒಯ್ಯಿರಿ, ಕ್ಯಾಬಿನ್ ಗೋಡೆಗೆ ಒರಗಿಸಿ, ಸುತ್ತ ಹಾಸಿಗೆ ಇಟ್ಟು ಹಗ್ಗ ಕಟ್ಟಿ. ಹಗ್ಗ ಬಟನ್ ಇರುವ ಕಡೆ ಒತ್ತಬಾರದು. ಆಗುಂಬೆಯ 14 ತಿರುವುಗಳಲ್ಲಿ ಎಲ್ಲವೂ ಎರಡೂ ಕಡೆ ವಾಲುತ್ತದೆ.

ಕೇಳಿದವರು: ಬೋಲ್ಟ್ ಬರೋಕೆ 10 ದಿನ ಅಂತೆ, ನಾವು ಭಾನುವಾರ ಹೊರಡಬೇಕು. ಈಗ?

ರಿಪೇರಿ ಕೆಲಸದವ: ಪ್ಲಗ್ ಕಿತ್ತ ಮೇಲೆ ಹಿಂದಿನ ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ತೆಗೆಯಿರಿ. ತೊಟ್ಟಿಗೂ ಪಕ್ಕದ ತಗಡಿಗೂ ನಡುವೆ ಗಟ್ಟಿ ಫೋಮ್ ತುರುಕಿ, ವೈರ್ ಎಳೆಯದಂತೆ. ಕೈಯಿಂದ ದೂಡಿದರೆ ತೊಟ್ಟಿ ಒಂದೇ ಅಲ್ಲಾಡಬಾರದು. ಅಲ್ಲಿ ಹೋಗಿ ಎಲ್ಲ ತುಂಡು ತೆಗೆದ ಮೇಲೇ ಓಡಿಸಿ, ಎಣಿಸಿಟ್ಟುಕೊಳ್ಳಿ.

ಕೊಪ್ಪದವನು: ಘಟ್ಟಕ್ಕೆ ಫೋಮ್ ಸಾಕಾ? ನನಗಂತೂ ಧೈರ್ಯ ಇಲ್ಲ, ಮೆಷಿನ್ ಒಂದನ್ನೇ ಬಿಟ್ಟು ಆಮೇಲೆ ಒಯ್ಯಬಹುದಲ್ವಾ.

ರಿಪೇರಿ ಕೆಲಸದವ: ಸಾಧ್ಯ ಆದರೆ ಅದೇ ಒಳ್ಳೇದು. ಫೋಮಿನಲ್ಲೇ ಒಯ್ದರೆ ಮೊದಲ ಸಲ ಖಾಲಿ ಡ್ರಮ್ ಸ್ಪಿನ್ ಮಾಡಿ ಪಕ್ಕದಲ್ಲೇ ನಿಂತಿರಿ. ದಡಬಡ ಅಂತ ಬಡಿದರೆ ಕೂಡಲೇ ನಿಲ್ಲಿಸಿ, ಸ್ಪ್ರಿಂಗ್ ಕಳಚಿರಬಹುದು.