ಅಪ್‌ಡೇಟ್: ಒಂಬತ್ತು ಜನರ ಊಟದ ಪೋಲ್ ಕೊನೆಗೂ ಮುಗಿಯಿತು

ನಾನು ಕೇಳಿದ್ದು: "ನಾವು ಒಂಬತ್ತು ಜನ. ವಾಟ್ಸಾಪ್ ಪೋಲ್‌ನಲ್ಲಿ ಏಳು ಹೋಟೆಲ್ ಹಾಕಿದರೆ ವೋಟು ಚೆದುರಿ ಹೋಗುತ್ತಿದೆ. ತಲೆಗೆ 500 ರೂಪಾಯಿ ಮಿತಿ, ಒಬ್ಬಳು ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ. ಏನು ಮಾಡಲಿ?"

ಶನಿವಾರ ಊಟ ಆಯ್ತು, ಒಂಬತ್ತೂ ಜನ ಬಂದಿದ್ದರು! ಕೆಲಸಕ್ಕೆ ಬಂದಿದ್ದು "ಮೊದಲು ಸೋಸಿ, ಆಮೇಲೆ ವೋಟು ಹಾಕಿಸಿ" ಎಂಬ ಸಲಹೆ. ಏಳೂ ಕಡೆ ಫೋನ್ ಮಾಡಿದೆ. "ಜೈನ್ ಊಟ ಇದೆಯಾ" ಅಂದಾಗ ಐದು ಕಡೆ ಹೂಂ ಅಂದರು. "ಗ್ರೇವಿ ಬೇರೆಯಾಗಿ ಮಾಡ್ತೀರಾ" ಅಂತ ಕೇಳಿದ ಮೇಲೆ ಉಳಿದಿದ್ದು ಮೂರೇ. ಆ ಮೂರನ್ನು ಮಾತ್ರ ಪೋಲ್‌ಗೆ ಹಾಕಿ, ಒಂದಕ್ಕಿಂತ ಜಾಸ್ತಿ ಉತ್ತರ ಕೊಡಲು ಬಿಟ್ಟೆ. "ತುಂಬಾ ಇಷ್ಟವಾದದ್ದಕ್ಕೆ ಮಾತ್ರ ಅಲ್ಲ, ಹೋಗೋಕೆ ಆಗುವ ಎಲ್ಲಕ್ಕೂ ವೋಟು ಹಾಕಿ" ಅಂತ ಬರೆದೆ. ಮಲ್ಲೇಶ್ವರದ ಹೋಟೆಲ್‌ಗೆ ಎಂಟು ವೋಟು ಬಂತು. ಮೊದಲ ಪೋಲ್‌ನಲ್ಲಿ ಅದಕ್ಕೆ ಬಿದ್ದಿದ್ದು ಒಂದೇ! ಥಾಲಿ 460, ಶೇ. 5 ಜಿಎಸ್‌ಟಿ ಸೇರಿ 483.

ಮ್ಯಾಪ್‌ನಲ್ಲಿ ನಡುಮಧ್ಯದ ಜಾಗ ಹುಡುಕುವ ಸಲಹೆ ನಮಗೆ ಆಗಲಿಲ್ಲ. ಅಲ್ಲಿಗೆ ಮೆಟ್ರೋ ಇರಲಿಲ್ಲ. ಮಲ್ಲೇಶ್ವರ ದೂರ ಅಂದುಕೊಂಡಿದ್ದ ವೈಟ್‌ಫೀಲ್ಡ್ ಗೆಳೆಯ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿದು ಮುಂದಿನ ಸ್ಟೇಷನ್‌ನಲ್ಲೇ ಇಳಿದ. ಎಲ್ಲರಿಗಿಂತ ಮೊದಲು ಬಂದು ಟೇಬಲ್ ಹಿಡಿದಿದ್ದು ಅವನೇ.