ಕಾಲು ಊತ ನಿಂತಿದ್ದಕ್ಕಾ, ಬಿಪಿಗಾ? ಬಸುರಿಯರ ಕೆಲಸದ ಬಗ್ಗೆ ಡಾಕ್ಟರನ್ನು ಕೇಳಿ

ಮದ್ದೂರಿನ ಸದಸ್ಯೆ: ನಮಸ್ತೆ ಮೇಡಂ. ನನಗೆ 7 ತಿಂಗಳು, ಚೊಚ್ಚಲು. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್. ಬೆಳಗ್ಗೆ 9ರಿಂದ ಸಂಜೆ 5.30ರವರೆಗೆ ನಿಂತೇ ಕೆಲಸ. ಕಾಲು ಊದಿಕೊಂಡಿದೆ, ಎರಡು ದಿನದಿಂದ ತಲೆನೋವೂ ಇದೆ. ಜಾಸ್ತಿ ನಿಲ್ಲೋದ್ರಿಂದ ಅಂತ ಎಲ್ಲರೂ ಹೇಳ್ತಾರೆ. ಬಾರ್ಲಿ ನೀರು ಕುಡಿದರೆ ಇಳಿಯುತ್ತಾ?

ಡಾಕ್ಟರ್: ಬಾರ್ಲಿ ಆಮೇಲೆ ನೋಡೋಣ. ಮೊದಲು ಇಷ್ಟು ಹೇಳಮ್ಮ. ಬೆಳಗ್ಗೆ ಎದ್ದಾಗ ಊತ ಇಳಿದಿರುತ್ತಾ? ಕೈ, ಮುಖ ಊದಿದೆಯಾ? ತಾಯಿ ಕಾರ್ಡ್‌ನಲ್ಲಿ ಕೊನೆಯ ಬಿಪಿ ಎಷ್ಟಿದೆ, ಯಾವಾಗ ನೋಡಿದ್ದು?

ಬೆಂಗಳೂರಿನ ಸದಸ್ಯೆ: ಡಾಕ್ಟರ್, 4 ತಿಂಗಳು. ದಿನಕ್ಕೆ 10 ಗಂಟೆ ಲ್ಯಾಪ್‌ಟಾಪ್ ಮುಂದೆ ಇರ್ತೀನಿ. ರೇಡಿಯೇಷನ್‌ನಿಂದ ಮಗುವಿಗೆ ತೊಂದರೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಹೊಟ್ಟೆಗೆ ಕಟ್ಟುವ ಬಟ್ಟೆ ಸಿಗುತ್ತಂತೆ, ತಗೊಳ್ಳಲಾ?

ಡಾಕ್ಟರ್: ಬೇಡ. ಹಳೆಯ ಡಬ್ಬಾ ಮಾನಿಟರ್ ಕಾಲದಲ್ಲೇ ಈ ಭಯ ಹುಟ್ಟಿತ್ತು. ಅಮೆರಿಕದಲ್ಲಿ ಟೆಲಿಫೋನ್ ಆಪರೇಟರ್ ಹೆಂಗಸರನ್ನು ಪರೀಕ್ಷಿಸಿ 1991ರಲ್ಲಿ ವರದಿ ಕೊಟ್ಟರು. ಸ್ಕ್ರೀನ್ ಮುಂದೆ ಕೂತವರಲ್ಲಿ ಗರ್ಭಪಾತ ಜಾಸ್ತಿ ಕಾಣಲಿಲ್ಲ. ನಿಮಗೆ ತೊಂದರೆ ಕೊಡುವುದು ಸ್ಕ್ರೀನ್ ಅಲ್ಲ, ಏಳದೆ ಕೂರುವುದು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಮದ್ದೂರಿನ ಸದಸ್ಯೆ: ಬೆಳಗ್ಗೆಯೂ ಇಳಿಯಲ್ಲ ಮೇಡಂ. ಉಂಗುರ ಬಿಗಿಯಾಗಿ ನಿನ್ನೆ ಸೋಪು ಹಚ್ಚಿ ತೆಗೆದೆ. ಕಾರ್ಡ್‌ನಲ್ಲಿ 5ನೇ ತಿಂಗಳದ್ದು 110/70 ಇದೆ. ಆಮೇಲೆ ಚೆಕಪ್‌ಗೆ ಹೋಗಿಲ್ಲ. ಟಾರ್ಗೆಟ್ ಅಂತ ರಜೆ ಕೊಡಲ್ಲ.

ಹಾಸನದ ಸದಸ್ಯೆ: ಹೆದರಬೇಡಿ, ನನಗೂ ಹೀಗೇ ಇತ್ತು. ಉಪ್ಪು ಪೂರ್ತಿ ಬಿಟ್ಟುಬಿಡಿ. ಎಡಮಗ್ಗುಲಲ್ಲಿ ಮಲಗಿ, ಕಾಲಿನ ಕೆಳಗೆ ದಿಂಬು ಇಡಿ. ನನ್ನದು ನಾರ್ಮಲ್ ಡೆಲಿವರಿಯೇ ಆಯ್ತು.

ಡಾಕ್ಟರ್: ಹಾಸನದವರೇ, ಮಗ್ಗುಲೂ ಸರಿ, ದಿಂಬೂ ಸರಿ. ಉಪ್ಪು ಬಿಟ್ಟರೆ ಬಸುರಿನ ಬಿಪಿ ಇಳಿಯುವುದಿಲ್ಲ. ಮತ್ತೆ, ಈ ತಂಗಿಯ ಊತ ನಿಮ್ಮಂಥ ಊತ ಅಂತ ನನಗೆ ಅನಿಸುತ್ತಿಲ್ಲ.

ಮದ್ದೂರಿನ ತಂಗಿ, ನೀನು ಇವತ್ತೇ ಆಸ್ಪತ್ರೆಗೆ ಹೋಗಬೇಕು. ಶಿಫ್ಟ್ ಮುಗಿಸಿ ಅಲ್ಲ, ಈಗಲೇ. ನಿಂತು ನಿಂತು ಬರುವ ಊತ ಪಾದದಲ್ಲಿ ಇರುತ್ತದೆ. ಸಂಜೆ ಜಾಸ್ತಿಯಾಗುತ್ತದೆ, ರಾತ್ರಿ ಮಲಗಿದರೆ ಬೆಳಗ್ಗೆ ಹೊತ್ತಿಗೆ ಎಷ್ಟೋ ಇಳಿದಿರುತ್ತದೆ. ಚಪ್ಪಲಿ ಸಂಜೆ ಬಿಗಿ, ಬೆಳಗ್ಗೆ ಸಡಿಲ. ನಿನ್ನ ಊತ ಬೆಳಗ್ಗೆಯೂ ಇಳಿಯುತ್ತಿಲ್ಲ, ಬೆರಳಿಗೂ ಬಂದಿದೆ, ಜೊತೆಗೆ ತಲೆನೋವು. ಇದನ್ನು ನಿಂತ ಕೆಲಸದ ಲೆಕ್ಕಕ್ಕೆ ಹಾಕಿ ಸುಮ್ನೆ ಇರಬಾರದು.

ಬಸುರಿನ ಬಿಪಿ 20 ವಾರ ದಾಟಿದ ಮೇಲೆ ಬರುತ್ತದೆ. ಎರಡು ತಿಂಗಳ ಹಿಂದಿನ 110/70 ನಂಬಿ ಕೂರಬೇಡ. ಆಸ್ಪತ್ರೆಯಲ್ಲಿ ಓಡಿಬಂದ ಹಾಗೇ ಬಿಪಿ ನೋಡಿಸಬೇಡ. ಐದು ನಿಮಿಷ ಬೆನ್ನಿಗೆ ಒರಗಿ ಕೂತು, ಕೈಯನ್ನು ಟೇಬಲ್ ಮೇಲಿಟ್ಟು ನೋಡಿಸು. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮನೆಗೆ ವಾಪಸ್ ಬರುವ ಮಾತಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ನೋಡಿ ಅಂತ ಬಾಯಿಬಿಟ್ಟು ಕೇಳು. ಕಣ್ಣು ಮಂಜಾದರೆ, ಮಿಂಚಿದ ಹಾಗಾದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಬಸ್ಸಿಗೆ ಕಾಯಬೇಡ, 108ಕ್ಕೆ ಫೋನ್ ಮಾಡು. ಬಿಪಿ ಹೀಗೇ ಏರಿ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ತಲೆನೋವಿಗೆ ಮಾತ್ರೆ ನುಂಗಿ ಟೇಬಲ್ ಮುಂದೆ ನಿಲ್ಲಬೇಡ ತಾಯಿ.

ತುಮಕೂರಿನ ಸದಸ್ಯ: ಸುಮ್ನೆ ಯಾಕೆ ಹೆದರಿಸ್ತೀರಿ? ನಮ್ಮಜ್ಜಿ ಗದ್ದೇಲಿ ನಾಟಿ ಹಾಕಿ ಬಂದು ಸಂಜೆ ಹೆತ್ತವರು. ಈಗಿನವರಿಗೆ ಎಲ್ಲದಕ್ಕೂ ಆಸ್ಪತ್ರೆ.

ಶಿರಸಿಯ ಸದಸ್ಯೆ: ಅಜ್ಜಿ ಎಷ್ಟು ಹೆತ್ತರು, ಎಷ್ಟು ಉಳಿದವು, ಅದನ್ನೂ ಹೇಳಿ. ನಮ್ಮಜ್ಜಿಗೆ ಹುಟ್ಟಿದ್ದು ಒಂಬತ್ತು, ಉಳಿದಿದ್ದು ನಾಲ್ಕು. ದೊಡ್ಡಜ್ಜಿ ಬಾಣಂತನ ಕಾಣದೇ ಹೋದರು.

ತುಮಕೂರಿನ ಸದಸ್ಯ: ನಿಮ್ಮ ಮನೆ ಕತೆ ಬೇರೆ. ಮೈ ಬಗ್ಗಿಸಿ ದುಡಿದರೆ ಹೆರಿಗೆ ಸಲೀಸು ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಡಾಕ್ಟರ್: ನಡೆದಾಡಿಕೊಂಡು ಇರುವುದು ಒಳ್ಳೆಯದು, ಅಷ್ಟು ಸರಿ. ಬಿಪಿ ಬಂದವಳಿಗೆ ಆ ಮಾತು ಹೇಳಬೇಡಿ. ಇಂಥ ಮಾತು ಕೇಳಿಕೊಂಡು ಮನೆಯಲ್ಲೇ ಇದ್ದು, ಫಿಟ್ಸ್ ಬಂದಮೇಲೆ ಹೊತ್ತು ತಂದವರನ್ನು ನಾನು ನೋಡಿದ್ದೇನೆ. ಇದನ್ನು ಇಲ್ಲಿಗೇ ನಿಲ್ಲಿಸಿ.

ಮಂಗಳೂರಿನ ಸ್ಟಾಫ್ ನರ್ಸ್: ಮೇಡಂ, 9 ವಾರ. ವಾರಕ್ಕೆ 3 ನೈಟ್ ಬೀಳುತ್ತೆ. ಬಿಡಿಸಿಕೊಳ್ಳಲೇಬೇಕಾ?

ಡಾಕ್ಟರ್: ಪೂರ್ತಿ ಬಿಡಿಸಿಕೊಂಡರೆ ಒಳ್ಳೆಯದು. ಆಗದಿದ್ದರೆ ವಾರಕ್ಕೆ ಒಂದಕ್ಕೆ ಇಳಿಸಲು ಕೇಳಿ. ಡೆನ್ಮಾರ್ಕ್‌ನಲ್ಲಿ ಕೆಲಸದ ದಾಖಲೆ ಹಿಡಿದು ನೋಡಿದಾಗ, 8 ವಾರ ದಾಟಿದವರಲ್ಲಿ ವಾರಕ್ಕೆ ಎರಡು ಅಥವಾ ಜಾಸ್ತಿ ನೈಟ್ ಮಾಡಿದವರಿಗೆ ಗರ್ಭಪಾತ ಸ್ವಲ್ಪ ಹೆಚ್ಚು ಕಂಡಿತು. ಹಾಗಂತ ನೈಟ್ ಮಾಡಿದವರಿಗೆಲ್ಲ ಆಗುತ್ತದೆ ಅಂತಲ್ಲ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಈಗಾಗಲೇ ಮಾಡಿದ ನೈಟ್‌ಗಳಿಗೆ ಕೊರಗಬೇಡಿ.

ಚನ್ನಪಟ್ಟಣದ ಸದಸ್ಯ: ನನ್ನ ಹೆಂಡತಿಗೆ 6 ತಿಂಗಳು. ಡೇರಿಗೆ 20 ಲೀಟರ್ ಹಾಲಿನ ಕ್ಯಾನ್ ಎತ್ತಿಕೊಂಡು ಹೋಗ್ತಾಳೆ. ಪರವಾಗಿಲ್ವಾ?

ಡಾಕ್ಟರ್: ಬೇಡ. ಆ ಕ್ಯಾನ್ ನೀವು ಎತ್ತಿ. ಅವರು ಎತ್ತಲೇಬೇಕಾದರೆ ಎರಡು ಚಿಕ್ಕ ಕ್ಯಾನ್ ಮಾಡಿ, ಅದೂ ನೆಲದಿಂದ ಅಲ್ಲ, ಕಟ್ಟೆ ಮೇಲಿಂದ.

ಮೈಸೂರಿನ ಸದಸ್ಯೆ: ಬಾರ್ಲಿ ನೀರು ಎಷ್ಟು ಲೋಟ ಅಂತ ಹೇಳಲೇ ಇಲ್ಲ?

ಡಾಕ್ಟರ್: ಬಾರ್ಲಿ ಬಿಪಿಗೆ ಔಷಧಿ ಅಲ್ಲ.

ಪೀಣ್ಯದ ಸದಸ್ಯೆ (ಯೂನಿಯನ್): ಮದ್ದೂರಿನ ಅಕ್ಕ, ಇದು ಗೊತ್ತಿರಲಿ. ಹೆರಿಗೆ ತಾರೀಖಿಗೆ 10 ವಾರ ಇರುವಾಗಿನಿಂದ, ಬಸುರಿ ಕೇಳಿಕೊಂಡರೆ ತುಂಬಾ ಹೊತ್ತು ನಿಲ್ಲುವ ಕೆಲಸ ಹಾಕುವಂತಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೇ ಈ ನಿಯಮ ಇದೆ. ಬಾಯಲ್ಲಿ ಕೇಳಬೇಡಿ. ಅರ್ಜಿ ಬರೆದು ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

ರಾಮನಗರದ ಸದಸ್ಯ: ನಾನೂ ಲೈನ್ ನೋಡಿಕೊಳ್ಳೋನು. ಒಬ್ಬರನ್ನ ಕೂರಿಸಿದರೆ ಎಲ್ಲರೂ ಸ್ಟೂಲ್ ಕೇಳ್ತಾರೆ. ಪೀಸ್ ಲೆಕ್ಕ ನಾವು ಯಾರಿಗೆ ಕೊಡೋದು?

ಪೀಣ್ಯದ ಸದಸ್ಯೆ: ಸ್ಟೂಲ್ ಮೇಲೆ ಕೂತು ಕಾಲರ್ ಚೆಕ್ ಮಾಡಿದರೆ ಪೀಸ್ ಕಮ್ಮಿ ಆಗುತ್ತಾ? ನಾನು ಎರಡು ಬಸುರಿಯಲ್ಲೂ ಮಾಡಿದ್ದೀನಿ. ಕೊಡೋಕೆ ಮನಸ್ಸಿಲ್ಲ ಅನ್ನಿ.

ರಾಮನಗರದ ಸದಸ್ಯ: ಫ್ಲೋರ್‌ನಲ್ಲಿ ಒಂದಿನ ನನ್ನ ಜಾಗದಲ್ಲಿ ನಿಂತು ಮಾತಾಡಿ.

ಕುಣಿಗಲ್‌ನ ಸದಸ್ಯೆ: 8 ತಿಂಗಳಲ್ಲಿ ದಿನಾ ಎರಡು ಗಂಟೆ ಬಸ್ಸಲ್ಲಿ ಹೋಗಿಬರಬಹುದಾ ಮೇಡಂ?

ಮದ್ದೂರಿನ ಸದಸ್ಯೆ: ಮೇಡಂ, ನಾನು ಅವಳ ತಮ್ಮ, ಅವಳ ಫೋನಿಂದ ಬರೀತಿದ್ದೀನಿ. ಬಿಪಿ 148/96 ಬಂತು. ಮೂತ್ರದಲ್ಲಿ ಆಲ್ಬುಮಿನ್ 2+. ಮಂಡ್ಯಕ್ಕೆ ಕಳಿಸಿ ಅಡ್ಮಿಟ್ ಮಾಡಿದ್ದಾರೆ. ನಿಂತು ಕೆಲಸ ಮಾಡಿದ್ದಕ್ಕೇ ಹೀಗಾಯ್ತು ಅಂತ ಅಳ್ತಿದ್ದಾಳೆ.

ಡಾಕ್ಟರ್: ಅಳಬೇಡ ಅಂತ ಹೇಳಪ್ಪ. ಅವಳು ನಿಂತಿದ್ದರಿಂದಲೇ ಬಿಪಿ ಬಂತು ಅಂತ ಹೇಳಲು ಆಗುವುದಿಲ್ಲ. ಮಾಸು ಗರ್ಭಕೋಶಕ್ಕೆ ಸರಿಯಾಗಿ ಬೇರೂರದಿದ್ದಾಗ ಇದು ಶುರುವಾಗುತ್ತದೆ, ಚೊಚ್ಚಲಿನಲ್ಲಿ ಜಾಸ್ತಿ. ಕೆಲಸದಿಂದ ಆಗಿದ್ದು ಬೇರೆ: ಚೆಕಪ್ ತಪ್ಪಿತು, ಊತಕ್ಕೆ ಎಲ್ಲರಿಗೂ ಒಂದು ಕಾರಣ ಸಿಕ್ಕಿತು. ಅಲ್ಲಿ ಕೊಡುವ ಬಿಪಿ ಮಾತ್ರೆಯನ್ನು ತಲೆನೋವು ಹೋಯ್ತು ಅಂತ ನಿಲ್ಲಿಸಬೇಡಿ. ಮಗುವಿನ ಮಿಸುಕಾಟ ಕಮ್ಮಿಯಾದರೆ ತಕ್ಷಣ ನರ್ಸ್‌ಗೆ ಹೇಳಿ.

ಮದ್ದೂರಿನ ಸದಸ್ಯೆ: ಸರಿ ಮೇಡಂ. ಬಿಪಿ ಇಳಿದರೆ ಮುಂದಿನ ತಿಂಗಳು ಕೆಲಸಕ್ಕೆ ಹೋಗಬಹುದಾ ಅಂತ ಕೇಳ್ತಿದ್ದಾಳೆ. ಸಾಲದ ಕಂತಿದೆ.

ಡಾಕ್ಟರ್: ಆ ಟೇಬಲ್‌ಗೆ ಬೇಡ. ಬಿಪಿ ಹಿಡಿತದಲ್ಲಿದ್ದರೂ 37 ವಾರಕ್ಕೆ ಹೆರಿಗೆ ಮಾಡಿಸುತ್ತಾರೆ. ಏರಿದರೆ ಅಷ್ಟು ದಿನವೂ ಕಾಯುವುದಿಲ್ಲ. ಇಎಸ್‌ಐ ಕಾರ್ಡ್ ಇದ್ದರೆ ಅಡ್ಮಿಟ್ ಆದ ಚೀಟಿ, ಡಾಕ್ಟರ್ ಬರೆದ ಸರ್ಟಿಫಿಕೇಟ್ ಜೋಪಾನವಾಗಿಡು, ಹೆರಿಗೆ ರಜೆಯ ದುಡ್ಡಿಗೆ ಬೇಕಾಗುತ್ತದೆ. ರಾತ್ರಿಯ ಬಿಪಿ ಎಷ್ಟು ಬಂತು ಅಂತ ಇಲ್ಲೇ ಬರೆ, ನಾನು ಎದ್ದಿರುತ್ತೇನೆ.

ಮೈಸೂರಿನ ಸದಸ್ಯೆ: ಹಾಗಾದರೆ ಬಾರ್ಲಿ ಬದಲು ಜೀರಿಗೆ ನೀರು ಕೊಡಬಹುದಾ?

ಮದ್ದೂರಿನ ಸದಸ್ಯೆ: 10 ಗಂಟೆಗೆ 142/90 ಮೇಡಂ. ತಲೆನೋವು ಕಮ್ಮಿ ಅಂತಾಳೆ.