ಸಹಾಯ ಬೇಕು: ಪರೀಕ್ಷಾ ಕೇಂದ್ರದ ಸಾಮಗ್ರಿ ಪಟ್ಟಿ

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಈ ಸಲ ಸಾಮಗ್ರಿ ಲೆಕ್ಕ ನನ್ನ ಪಾಲಿಗೆ ಬಂದಿದೆ. ಪಟ್ಟಿ ಬರೆದಿದ್ದೇನೆ, ಅನುಭವ ಇರುವವರು ಸ್ವಲ್ಪ ನೋಡಿ.

ಪ್ರಶ್ನೆಪತ್ರಿಕೆ ಲಕೋಟೆ ಬಂದ ಕೂಡಲೇ ವಿಷಯ, ಸಂಕೇತ, ದಿನಾಂಕ ವೇಳಾಪಟ್ಟಿಯ ಜೊತೆ ತಾಳೆ ನೋಡುವುದು. ಸೀಲಿನ ಅಂಚು ಎದ್ದಿದೆಯಾ ಅಂತ ಬೆರಳಾಡಿಸಿ ನೋಡುವುದು. ತೆರೆಯುವಾಗ ಇಬ್ಬರು ಮೇಲ್ವಿಚಾರಕರ ಸಹಿ, ಸಮಯ.

ತಲೆನೋವು ಉತ್ತರಪತ್ರಿಕೆಯದು. ಉದಾಹರಣೆಗೆ 230 ಬಂದಿವೆ. 212 ಮಕ್ಕಳಲ್ಲಿ 5 ಗೈರು, ಬರೆದವರು 207. ನೋಂದಣಿ ಸಂಖ್ಯೆ ತಪ್ಪಾಗಿ ಬರೆದದ್ದಕ್ಕೆ 2 ಉತ್ತರಪತ್ರಿಕೆ ಬದಲಾಯಿಸಿ ಕೊಟ್ಟರೆ, ಉಳಿಯಬೇಕಾದ್ದು 21. ಬದಲಾಯಿಸಿದ್ದನ್ನು ಬರೆಯದೆ ಬಿಟ್ಟರೆ ಸಂಜೆ ಎರಡು ಕಡಿಮೆ ಬರುತ್ತದೆ, ಅಲ್ವಾ?

ಆ ಎರಡನ್ನು ರದ್ದು ಅಂತ ಬರೆದು ಎಲ್ಲಿ ಇಡುತ್ತೀರಿ? ಉತ್ತರಪತ್ರಿಕೆ ಬಂಡಲನ್ನು ಸೀಲ್ ಮಾಡುವ ಮೊದಲು ಯಾರಿಂದ ಮರು ಎಣಿಕೆ ಮಾಡಿಸುತ್ತೀರಿ? ನಿಮ್ಮ ನಮೂನೆ ಇದ್ದರೆ ಫೋಟೊ ಹಾಕಿ ಸರ್, ಮೇಡಂ.